ಡೆಲಿವರ್ಡ್ ಅಂತ ಬಂದಿದೆ, ಪಾರ್ಸೆಲ್ ಬಂದಿಲ್ಲ

ರಾತ್ರಿ ಒಂಬತ್ತರ ಹೊತ್ತಿಗೆ ಮೊಬೈಲಿಗೆ ಮೆಸೇಜು ಬರುತ್ತದೆ: ನಿಮ್ಮ ಪಾರ್ಸೆಲ್ ತಲುಪಿದೆ. ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಏನೂ ಇಲ್ಲ, ಗೇಟಿನ ಹತ್ತಿರ ಯಾರೂ ಇಲ್ಲ. ದುಡ್ಡು ಮೊದಲೇ ಕಟ್ಟಿ ಆಗಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ‘ನಮ್ಮ ಸಿಸ್ಟಮ್‌ನಲ್ಲಿ ಡೆಲಿವರ್ಡ್ ಅಂತ ತೋರಿಸ್ತಾ ಇದೆ ಮೇಡಂ’ ಎಂಬ ಉತ್ತರ. ಆ ಕಡೆಯವರು ಸಿಸ್ಟಮ್ ನೋಡಿ ಮಾತಾಡುತ್ತಾರೆ, ಈ ಕಡೆಯವರು ಖಾಲಿ ಹೊಸ್ತಿಲು ನೋಡಿ ಮಾತಾಡುತ್ತಾರೆ. ಮಾತು ಮುಂದಕ್ಕೆ ಹೋಗಬೇಕಾದರೆ ಆ ಸಿಸ್ಟಮ್‌ನೊಳಗೆ ಏನು ಬರೆದಿರುತ್ತದೆ, ಯಾರು ಬರೆದಿರುತ್ತಾರೆ ಎಂದು ತಿಳಿದಿರಬೇಕು.

ಬರೆಯುವವನು ಡೆಲಿವರಿ ಹುಡುಗನೇ. ದೊಡ್ಡ ಗೋದಾಮಿನಿಂದ ಹೊರಟ ಪಾರ್ಸೆಲ್ ಒಂದೆರಡು ಕಡೆ ಲಾರಿ ಬದಲಿಸಿ ಕೊನೆಗೆ ನಿಮ್ಮ ಬಡಾವಣೆಯ ಹತ್ತಿರದ ಒಂದು ಸಣ್ಣ ಶೆಡ್ಡಿಗೆ ಬರುತ್ತದೆ. ಅದನ್ನು ಹಬ್ ಎನ್ನುತ್ತಾರೆ. ಬೆಳಿಗ್ಗೆ ಅಲ್ಲಿ ಪಾರ್ಸೆಲ್‌ಗಳನ್ನು ಬೀದಿವಾರು ವಿಂಗಡಿಸಿ, ಒಬ್ಬೊಬ್ಬ ಹುಡುಗನ ಹೆಸರಿಗೆ ಒಂದೊಂದು ಪಟ್ಟಿ ಮಾಡುತ್ತಾರೆ. ಈ ಪಟ್ಟಿಗೆ ರನ್‌ಶೀಟ್ ಎಂದು ಹೆಸರು. ಹುಡುಗ ಪ್ರತಿ ಪಾರ್ಸೆಲ್‌ನ ಬಾರ್‌ಕೋಡನ್ನು ಸ್ಕ್ಯಾನ್ ಮಾಡಿ ಚೀಲಕ್ಕೆ ತುಂಬಿಕೊಂಡ ಕ್ಷಣದಿಂದ ನಿಮ್ಮ ಮೊಬೈಲಿನಲ್ಲಿ ‘ಔಟ್ ಫಾರ್ ಡೆಲಿವರಿ’ ಕಾಣುತ್ತದೆ. ಇಲ್ಲಿಯವರೆಗೆ ಪಾರ್ಸೆಲ್ ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗಲೆಲ್ಲ ಎರಡೂ ಕಡೆ ಸ್ಕ್ಯಾನ್ ಆಗಿರುತ್ತದೆ. ಕೊಟ್ಟವನ ಲೆಕ್ಕಕ್ಕೆ ತೆಗೆದುಕೊಂಡವನ ಲೆಕ್ಕ ತಾಳೆಯಾಗಬೇಕು. ಕೊನೆಯ ಹೆಜ್ಜೆಯಲ್ಲಿ ಮಾತ್ರ ತೆಗೆದುಕೊಳ್ಳುವವರ ಕಡೆ ಯಾವ ಸ್ಕ್ಯಾನರೂ ಇಲ್ಲ. ಹುಡುಗ ತನ್ನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಕಂಪನಿಯವರು ‘ಸಿಸ್ಟಮ್’ ಎನ್ನುವುದು ಈ ಒಂದು ಒತ್ತನ್ನು.

ಪಾರ್ಸೆಲ್ ಕೊಡದೆ ಆ ಗುಂಡಿ ಒತ್ತುವುದು ಯಾಕೆ? ಕದಿಯುವುದಕ್ಕೆ ಎಂದು ನಾವು ತಕ್ಷಣ ಅಂದುಕೊಳ್ಳುತ್ತೇವೆ. ಹಾಗೂ ಆಗುತ್ತದೆ, ಅದರಲ್ಲೂ ಮೊಬೈಲು, ಇಯರ್‌ಫೋನಿನಂಥ ಸುಲಭವಾಗಿ ಮಾರಿಹೋಗುವ ವಸ್ತುಗಳಲ್ಲಿ. ಆದರೆ ಬಹಳ ಸಲ ಕಾರಣ ಇದಕ್ಕಿಂತ ಸಪ್ಪೆ. ಹುಡುಗನಿಗೆ ಪಾರ್ಸೆಲ್‌ಗೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ. ಕತ್ತಲಾದ ಮೇಲೆ ಚೀಲದಲ್ಲಿ ಇನ್ನೂ ಏಳೆಂಟು ಉಳಿದಿವೆ, ರನ್‌ಶೀಟ್ ಕ್ಲೋಸ್ ಮಾಡಿ ಎಂದು ಹಬ್‌ನಿಂದ ಫೋನು. ಉಳಿದದ್ದನ್ನು ವಾಪಸು ತಂದರೆ ಪ್ರತಿಯೊಂದಕ್ಕೂ ಕಾರಣ ಹೇಳಬೇಕು, ಹಬ್‌ನ ಅಂಕಿ ಕೆಳಗಿಳಿಯುತ್ತದೆ. ಅದಕ್ಕೆ ಎಲ್ಲವನ್ನೂ ‘ಡೆಲಿವರ್ಡ್’ ಎಂದು ಒತ್ತಿ, ನಾಳೆ ಬೆಳಿಗ್ಗೆ ಮೊದಲ ಕೆಲಸವಾಗಿ ಕೊಟ್ಟುಬಿಡೋಣ ಎಂದುಕೊಳ್ಳುತ್ತಾನೆ. ಬೆಳಿಗ್ಗೆ ಹೊಸ ರನ್‌ಶೀಟ್ ಬರುತ್ತದೆ. ಹಳೆಯ ಏಳೆಂಟರಲ್ಲಿ ಒಂದು ಚೀಲದ ತಳದಲ್ಲೇ ಉಳಿಯುತ್ತದೆ.

ಕ್ಯಾಶ್ ಆನ್ ಡೆಲಿವರಿಯ ಪಾರ್ಸೆಲ್‌ನಲ್ಲಿ ಈ ಸುಳ್ಳು ಅಪರೂಪ ಎಂಬುದನ್ನು ಗಮನಿಸಬೇಕು. ಅಲ್ಲಿ ‘ಡೆಲಿವರ್ಡ್’ ಎಂದು ಒತ್ತಿದ ಕೂಡಲೇ ಆ ಮೊತ್ತ ಹುಡುಗನ ಹೆಸರಿಗೆ ಬೀಳುತ್ತದೆ, ಸಂಜೆ ಹಬ್‌ನಲ್ಲಿ ನಗದು ಎಣಿಸಿ ಕೊಡಬೇಕು. ಅಂಥ ಪಾರ್ಸೆಲ್‌ಗೆ ಬೇರೆಯೇ ಸುಳ್ಳಿದೆ: ‘ಗ್ರಾಹಕರು ಮನೆಯಲ್ಲಿರಲಿಲ್ಲ’, ‘ಬೇಡ ಅಂದರು’. ಮುಂಗಡ ಹಣ ಕಟ್ಟಿದ ಪಾರ್ಸೆಲ್‌ಗೆ ಮಾತ್ರ ಸಂಜೆಯ ಲೆಕ್ಕದಲ್ಲಿ ಯಾರೂ ಕೇಳುವವರಿಲ್ಲ, ನೀವು ಕೇಳುವ ತನಕ.

ಇನ್ನೊಂದು ಕಾರಣ ನಮ್ಮ ವಿಳಾಸಗಳು. ಬೆಂಗಳೂರಿನಲ್ಲಿ ಎಷ್ಟು ‘5ನೇ ಕ್ರಾಸ್, 2ನೇ ಮೇನ್’ಗಳಿವೆಯೋ ದೇವರೇ ಬಲ್ಲ. ಒಂದೇ ಬಡಾವಣೆಯೊಳಗೆ ಸ್ಟೇಜ್ ಬದಲಾದರೆ, ಬ್ಲಾಕ್ ಬದಲಾದರೆ ಕ್ರಾಸುಗಳ ಎಣಿಕೆ ಮತ್ತೆ ಒಂದರಿಂದ ಶುರು. ಮನೆಗೆ ಹಳೇ ನಂಬರ್ ಒಂದು, ಹೊಸ ನಂಬರ್ ಒಂದು. ಊರಿನ ಕಡೆ ಹೋದರೆ ಒಂದೇ ಪಿನ್‌ಕೋಡಿನ ಕೆಳಗೆ ಹಲವಾರು ಹಳ್ಳಿಗಳು. ಅಲ್ಲಿನ ಹುಡುಗ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಎಲ್ಲರ ಪಾರ್ಸೆಲ್ ಇಳಿಸಿ ಹೋಗುವುದು ಒಂದು ಒಪ್ಪಂದದಂತೆಯೇ ನಡೆದುಬಂದಿರುತ್ತದೆ. ಅಂಗಡಿಯಾತ ಮರೆತರೆ, ಅಥವಾ ಅದೇ ಹೆಸರಿನ ಇನ್ನೊಬ್ಬರು ಒಯ್ದರೆ, ದಾಖಲೆಯಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಇರುತ್ತದೆ.

ಹಾಗಾದರೆ ಆ ಒತ್ತಿನ ಜೊತೆ ಬೇರೆ ಏನೂ ದಾಖಲಾಗುವುದಿಲ್ಲವೇ? ಆಗುತ್ತದೆ, ಮತ್ತು ನಿಮ್ಮ ದೂರಿನ ಬಲವೆಲ್ಲ ಅದರಲ್ಲೇ ಇದೆ. ಇದನ್ನು ಕೊರಿಯರ್‌ನವರು ಪಿಓಡಿ, ಅಂದರೆ ಪ್ರೂಫ್ ಆಫ್ ಡೆಲಿವರಿ ಎನ್ನುತ್ತಾರೆ. ಕಂಪನಿ ಯಾವುದು, ವಸ್ತುವಿನ ಬೆಲೆ ಎಷ್ಟು ಎಂಬುದರ ಮೇಲೆ ಅದರಲ್ಲಿ ಓಟಿಪಿ ಇರಬಹುದು, ಫೋಟೋ ಇರಬಹುದು, ಪರದೆಯ ಮೇಲೆ ಬೆರಳಿನಿಂದ ಗೀಚಿದ ಸಹಿ ಇರಬಹುದು. ಗುಂಡಿ ಒತ್ತಿದಾಗ ಹುಡುಗನ ಫೋನ್ ಯಾವ ಜಾಗದಲ್ಲಿತ್ತು ಎಂಬ ಲೊಕೇಶನ್ನೂ ಸಾಮಾನ್ಯವಾಗಿ ಇರುತ್ತದೆ.

ಸಹಿಗೆ ಕವಡೆ ಕಿಮ್ಮತ್ತಿಲ್ಲ. ಆ ಗೀಚನ್ನು ಯಾರು ಬೇಕಾದರೂ ಗೀಚಬಹುದು. ಫೋಟೋ ಒಳ್ಳೆಯ ಸಾಕ್ಷಿ. ಬಾಗಿಲ ಬಣ್ಣ, ಗೇಟಿನ ವಿನ್ಯಾಸ, ನೆಲದ ಟೈಲ್ಸು ಸುಳ್ಳು ಹೇಳುವುದಿಲ್ಲ. ಬೈಕಿನ ಸೀಟಿನ ಮೇಲೆ ಪಾರ್ಸೆಲ್ ಇಟ್ಟು ತೆಗೆದ ಫೋಟೋ ಬಂದರೆ ಅದು ನಿಮ್ಮ ಪರವಾದ ಸಾಕ್ಷಿಯೇ. ಲೊಕೇಶನ್ ಅರ್ಧ ಸಾಕ್ಷಿ. ಬಯಲಿನಲ್ಲಿ ಫೋನಿನ ಜಿಪಿಎಸ್ ಕೆಲವೇ ಮೀಟರುಗಳಷ್ಟು ನಿಖರ. ಎತ್ತರದ ಕಟ್ಟಡಗಳ ನಡುವೆ, ಇಕ್ಕಟ್ಟಿನ ಗಲ್ಲಿಯಲ್ಲಿ ಹತ್ತಾರು ಮೀಟರ್ ಆಚೀಚೆ ಆಗುತ್ತದೆ. ಗುರುತು ಹಬ್‌ನ ಮೇಲೋ ಪಕ್ಕದ ಬಡಾವಣೆಯಲ್ಲೋ ಬಿದ್ದಿದ್ದರೆ ವಾದ ಅಲ್ಲಿಗೇ ಮುಗಿಯುತ್ತದೆ. ನಿಮ್ಮ ರಸ್ತೆಯಲ್ಲೇ ಬಿದ್ದಿದ್ದರೆ ಹುಡುಗ ಆ ರಸ್ತೆಗೆ ಬಂದಿದ್ದ ಎಂದಷ್ಟೇ ಗೊತ್ತಾಗುತ್ತದೆ, ಯಾರ ಕೈಗೆ ಕೊಟ್ಟ ಎಂದು ಗೊತ್ತಾಗುವುದಿಲ್ಲ.

ಓಟಿಪಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ‘ಅಕ್ಕಾ, ಗೇಟ್ ಹತ್ರ ಇದೀನಿ, ಓಟಿಪಿ ಹೇಳಿಬಿಡಿ, ಸೆಕ್ಯುರಿಟಿ ಹತ್ರ ಕೊಟ್ಟಿರ್ತೀನಿ’ ಎಂದು ಫೋನ್ ಬರುತ್ತದೆ. ನೀವು ಆಫೀಸಿನಲ್ಲಿದ್ದೀರಿ, ಹೇಳುತ್ತೀರಿ. ನೀವು ಹೇಳಿದ ಆ ಸಂಖ್ಯೆ ದಾಖಲೆಯಲ್ಲಿ ‘ಗ್ರಾಹಕರೇ ಪಡೆದುಕೊಂಡರು’ ಎಂದು ಕೂತುಬಿಡುತ್ತದೆ. ಹೇಳಿಬಿಟ್ಟಿದ್ದರೆ ದೂರಿನಲ್ಲಿ ಅದನ್ನು ಮುಚ್ಚಿಡಬಾರದು. ಇಷ್ಟು ಗಂಟೆಗೆ ಈ ನಂಬರಿನಿಂದ ಕರೆ ಬಂತು, ಸೆಕ್ಯುರಿಟಿ ಹತ್ತಿರ ಕೊಡುತ್ತೇನೆ ಎಂದರು, ಗೇಟಿನ ರಿಜಿಸ್ಟರಿನಲ್ಲಿ ಅಂಥ ನಮೂದಿಲ್ಲ ಎಂದು ಬರೆದು, ಕರೆಯ ಸಮಯ ತೋರಿಸುವ ಸ್ಕ್ರೀನ್‌ಶಾಟ್ ಲಗತ್ತಿಸಬೇಕು. ಓಟಿಪಿ ಕೊಟ್ಟೇ ಇಲ್ಲವಾದರೆ ಕೇಳಬೇಕಾದ್ದು ಒಂದೇ: ಓಟಿಪಿ ಇಲ್ಲದೆ ಈ ಪಾರ್ಸೆಲ್ ಹೇಗೆ ಕ್ಲೋಸ್ ಆಯಿತು? ಕೆಲವು ಕಂಪನಿಗಳಲ್ಲಿ ಓಟಿಪಿ ಬಿಟ್ಟು ಮುಂದೆ ಹೋಗುವ ದಾರಿ ಇದೆ. ಯಾರು, ಯಾವ ಕಾರಣಕ್ಕೆ ಅದನ್ನು ಬಳಸಿದರು ಎಂದು ಅವರೇ ಹೇಳಬೇಕು.

ಒಂದು ಮಾದರಿ ಪ್ರಕರಣ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಬಸವೇಶ್ವರನಗರದ ಒಬ್ಬ ಶಾಲಾ ಶಿಕ್ಷಕಿ 3,850 ರೂಪಾಯಿಯ ಮಿಕ್ಸರ್ ತರಿಸಿದ್ದಾರೆ. ಹಣ ಕ್ರೆಡಿಟ್ ಕಾರ್ಡಿನಿಂದ ಹೋಗಿದೆ. ರಾತ್ರಿ 8.52ಕ್ಕೆ ‘ಡೆಲಿವರ್ಡ್, ಮನೆಯವರಿಗೆ ನೀಡಲಾಗಿದೆ’ ಎಂದು ಬರುತ್ತದೆ. ಮನೆಯಲ್ಲಿ ಅವರೂ ಅತ್ತೆಯವರೂ ಇದ್ದಾರೆ, ಕಾಲಿಂಗ್ ಬೆಲ್ ಆಗಿಲ್ಲ. ಅವರು ಮೊದಲು ಟ್ರ್ಯಾಕಿಂಗ್ ಪುಟದ ಸ್ಕ್ರೀನ್‌ಶಾಟ್ ತೆಗೆಯುತ್ತಾರೆ, ದಿನಾಂಕ, ಸಮಯ ಕಾಣುವಂತೆ. ಇದು ಮುಖ್ಯ, ಯಾಕೆಂದರೆ ಆಮೇಲೆ ಆ ಪುಟದ ಬರಹ ಬದಲಾಗಬಹುದು. ಆಮೇಲೆ ಕೆಳಗಿನ ಮನೆ, ಎದುರು ಮನೆ, ಮೂಲೆಯ ದಿನಸಿ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಹುಡುಗನ ನಂಬರಿಗೆ ಫೋನ್ ಮಾಡುತ್ತಾರೆ. ಆ್ಯಪ್‌ನಲ್ಲಿ ಕಾಣುವ ನಂಬರು ಅವನ ಸ್ವಂತದ್ದಾಗಿರುವುದಿಲ್ಲ, ಕಂಪನಿಯ ಮೂಲಕ ಹೋಗುವ ಕರೆ ಅದು. ಪಾರ್ಸೆಲ್ ಕ್ಲೋಸ್ ಆದ ಸ್ವಲ್ಪ ಹೊತ್ತಿಗೆ ಆ ದಾರಿ ಮುಚ್ಚಿಹೋಗುತ್ತದೆ. ಆದ್ದರಿಂದ ತಡಮಾಡಬಾರದು.

ಫೋನ್ ತಗುಲುತ್ತದೆ ಎಂದುಕೊಳ್ಳಿ. ‘ಅಣ್ಣಾ, ಡೆಲಿವರ್ಡ್ ಅಂತ ಬಂದಿದೆ, ಪಾರ್ಸೆಲ್ ಯಾರ ಕೈಗೆ ಕೊಟ್ರಿ?’ ಎಂದು ಕೇಳಿದರೆ ಸಾಕು. ‘ಬೆಳಿಗ್ಗೆ ತಂದುಕೊಡ್ತೀನಿ ಮೇಡಂ, ಕ್ಲೋಸ್ ಮಾಡಿದ್ದೆ ಅಷ್ಟೆ’ ಎಂದರೆ ಅರ್ಧ ಸಮಸ್ಯೆ ಬಗೆಹರಿದಂತೆ. ಅವನ ಮಾತು ನಂಬಿ, ಆದರೆ ಟಿಕೆಟ್ ಅಂದೇ ರಾತ್ರಿ ಹಾಕಿ. ‘ಪಾರ್ಸೆಲ್ ಬಂದಿಲ್ಲ’ ಎಂದು ತಿಳಿಸಲು ಹಲವು ಕಂಪನಿಗಳು ಕೊಡುವುದು ಕೆಲವೇ ದಿನಗಳ ಅವಧಿ. ‘ನಾಳೆ ನಾಳೆ’ ಎನ್ನುವುದರಲ್ಲಿ ಅದು ಕಳೆದುಹೋದರೆ ಆ್ಯಪ್‌ನಲ್ಲಿ ದೂರಿನ ಗುಂಡಿಯೇ ಮಾಯವಾಗುತ್ತದೆ.

ಟಿಕೆಟ್ ಹಾಕುವಾಗ ಬಹಳ ಜನ ಎಡವುವ ಒಂದು ಜಾಗವಿದೆ. ‘ಡೆಲಿವರ್ಡ್ ಎಂದಿದೆ, ಆದರೆ ತಲುಪಿಲ್ಲ’ ಎಂಬ ಆಯ್ಕೆ ಬೇಗ ಕಣ್ಣಿಗೆ ಬೀಳುವುದಿಲ್ಲ, ‘ರಿಟರ್ನ್’ ಎಂಬುದು ಎದುರಿಗೇ ಇರುತ್ತದೆ. ಹಣ ವಾಪಸು ಬರಲಿ ಎಂದು ಅದನ್ನು ಒತ್ತಿಬಿಡುತ್ತಾರೆ. ರಿಟರ್ನ್ ಎಂದರೆ ವಸ್ತು ನಿಮ್ಮ ಕೈಯಲ್ಲಿದೆ ಎಂದು ನೀವೇ ಒಪ್ಪಿಕೊಂಡಂತೆ. ಎರಡು ದಿನ ಬಿಟ್ಟು ಒಬ್ಬ ಹುಡುಗ ಅದನ್ನು ಒಯ್ಯಲು ಬರುತ್ತಾನೆ, ಕೊಡಲು ಏನೂ ಇಲ್ಲದಿದ್ದಾಗ ‘ಗ್ರಾಹಕರು ವಸ್ತು ಹಿಂದಿರುಗಿಸಲಿಲ್ಲ’ ಎಂದು ಬರೆದುಕೊಂಡು ಹೋಗುತ್ತಾನೆ. ಆಮೇಲೆ ನೀವು ಬಂದೇ ಇಲ್ಲ ಎಂದರೆ ನಂಬುವವರು ಕಡಿಮೆ. ಆ ಆಯ್ಕೆ ಸಿಗದಿದ್ದರೆ ಚಾಟ್‌ನಲ್ಲೋ ಇಮೇಲ್‌ನಲ್ಲೋ ಬರೆಯುವುದೇ ಮೇಲು.

ನಮ್ಮ ಶಿಕ್ಷಕಿ ಬರೆದದ್ದು ಹೀಗಿರಬಹುದು: ‘ಈ ಆರ್ಡರ್ ನಂಬರಿನ, ಈ ಟ್ರ್ಯಾಕಿಂಗ್ ನಂಬರಿನ ಪಾರ್ಸೆಲ್ ಇಂಥ ದಿನ ರಾತ್ರಿ 8.52ಕ್ಕೆ ತಲುಪಿದೆ ಎಂದು ತೋರಿಸುತ್ತಿದೆ. ಆ ಹೊತ್ತಿಗೆ ನಾನು, ನನ್ನ ಅತ್ತೆ ಮನೆಯಲ್ಲಿದ್ದೆವು. ಯಾರೂ ಬಂದಿಲ್ಲ, ಓಟಿಪಿ ಯಾರೂ ಕೇಳಿಲ್ಲ, ಅಕ್ಕಪಕ್ಕದವರೂ ಪಡೆದಿಲ್ಲ. ಎದುರು ಮನೆಯ ಸಿಸಿಟಿವಿಯಲ್ಲಿ 8.30ರಿಂದ 9.15ರ ತನಕದ ದೃಶ್ಯ ತೆಗೆದಿಟ್ಟಿದ್ದೇನೆ. ಪಾರ್ಸೆಲ್ ಪಡೆದವರ ಹೆಸರು, ಫೋಟೋ, ಓಟಿಪಿ ದಾಖಲೆ, ಗುಂಡಿ ಒತ್ತಿದ ಜಾಗದ ಲೊಕೇಶನ್ ಕಳಿಸಿ. ಇಲ್ಲವೇ ಪೂರ್ತಿ ಹಣ ಕಾರ್ಡಿಗೆ ಹಿಂದಿರುಗಿಸಿ. ಕೂಪನ್ ಬೇಡ.’ ಇಷ್ಟು ಸಾಕು. ಬೈಗುಳ ಬೇಡ, ‘ನಿಮ್ಮ ಹುಡುಗ ಕಳ್ಳ’ ಎಂಬ ಮಾತೂ ಬೇಡ. ಕದ್ದದ್ದನ್ನು ನೀವು ನೋಡಿಲ್ಲ, ಬಾರದ್ದನ್ನು ಮಾತ್ರ ನೋಡಿದ್ದೀರಿ.

ಸಿಸಿಟಿವಿಯ ತುಣುಕನ್ನು ಅಂದೇ ಕಾಪಿ ಮಾಡಿಸಿಕೊಳ್ಳಬೇಕು. ಮನೆಗಳಲ್ಲಿ, ಅಪಾರ್ಟ್‌ಮೆಂಟುಗಳಲ್ಲಿ ಇರುವ ರೆಕಾರ್ಡರ್‌ಗಳು ಡಿಸ್ಕ್ ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆದುಕೊಂಡು ಹೋಗುತ್ತವೆ. ಕಂಪನಿ ‘ತನಿಖೆ ನಡೆಯುತ್ತಿದೆ’ ಎಂದು ದಿನ ದೂಡುವುದರೊಳಗೆ ನಿಮ್ಮ ಸಾಕ್ಷಿ ಅಳಿಸಿಹೋಗಬಹುದು.

ಮೂರನೆಯ ದಿನ ಉತ್ತರ ಬರುತ್ತದೆ: ‘ನಮ್ಮ ಡೆಲಿವರಿ ಪಾರ್ಟ್ನರ್ ಪಾರ್ಸೆಲ್ ತಲುಪಿಸಿರುವುದಾಗಿ ಖಚಿತಪಡಿಸಿದ್ದಾರೆ.’ ತನಿಖೆ ಎಂದರೆ ಹೆಚ್ಚಿನ ಸಲ ಹಬ್‌ನವರು ಹುಡುಗನನ್ನು ಕೇಳುವುದು, ಹುಡುಗ ‘ಕೊಟ್ಟೆ ಸರ್’ ಎನ್ನುವುದು. ಆರೋಪ ಯಾರ ಮೇಲಿದೆಯೋ ಅವನ ಮಾತೇ ತೀರ್ಪು. ಅರ್ಧ ಜನ ಇಲ್ಲಿಗೆ ಕೈಬಿಡುತ್ತಾರೆ, ಕಂಪನಿಗೂ ಅದು ಗೊತ್ತು. ಶಿಕ್ಷಕಿ ಅದೇ ಇಮೇಲ್‌ಗೆ ಮರುಉತ್ತರವಾಗಿ, ಕೇಳಿದ ದಾಖಲೆಗಳಲ್ಲಿ ಒಂದೂ ಬಂದಿಲ್ಲ ಎಂದು ಬರೆಯುತ್ತಾರೆ. ಆಗ ಫೋಟೋ ಬರುತ್ತದೆ. ಅದರಲ್ಲಿರುವುದು ಬೂದು ಬಣ್ಣದ ಶೀಟಿನ ಗೇಟು, ಇವರದು ಹಸಿರು ಕಬ್ಬಿಣದ ಸರಳಿನ ಗೇಟು. ಪಾರ್ಸೆಲ್ ಪಕ್ಕದ ಬ್ಲಾಕಿನ ಅದೇ ಕ್ರಾಸಿನ, ಅದೇ ನಂಬರಿನ ಮನೆಗೆ ಹೋಗಿದೆ. ತಮ್ಮ ಗೇಟಿನ ಫೋಟೋವನ್ನು ಅದರ ಪಕ್ಕದಲ್ಲಿಟ್ಟು ಕಳಿಸಿದ ಮೇಲೆ ವಾದಕ್ಕೆ ಏನೂ ಉಳಿಯುವುದಿಲ್ಲ.

ಫೋಟೋವೂ ಬಾರದೆ, ಉತ್ತರವೂ ಬಾರದೆ ಇದ್ದರೆ? ‘ಕೊರಿಯರ್‌ನವರನ್ನು ಕೇಳಿ’ ಎಂದು ಅಂಗಡಿ ಕಂಪನಿ, ‘ಮಾರಿದವರನ್ನು ಕೇಳಿ’ ಎಂದು ಕೊರಿಯರ್ ಕಂಪನಿ ನಿಮ್ಮನ್ನು ಅಲೆಸುವುದು ಮಾಮೂಲು. ನೀವು ದುಡ್ಡು ಕೊಟ್ಟದ್ದು ಕೊರಿಯರ್‌ಗಲ್ಲ. ಅದನ್ನು ಗೊತ್ತುಮಾಡಿದವರು, ಅದಕ್ಕೆ ಕೂಲಿ ಕೊಡುವವರು ಮಾರಿದವರು ಅಥವಾ ಆ್ಯಪ್‌ನವರು. ಹಾಗಾಗಿ ದೂರು ಅವರ ಮೇಲೆಯೇ ನಿಲ್ಲಬೇಕು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕದ ವಿವರವನ್ನು ತನ್ನ ತಾಣದಲ್ಲಿ ತೋರಿಸಬೇಕು. ದೂರು ತಲುಪಿದ 48 ಗಂಟೆಯೊಳಗೆ ಅವರು ಅದನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಕಸ್ಟಮರ್ ಕೇರ್ ಚಾಟ್‌ನಲ್ಲಿ ಹತ್ತು ಜನರ ಹತ್ತಿರ ಹತ್ತು ಸಲ ಹೇಳುವುದಕ್ಕಿಂತ ಈ ಅಧಿಕಾರಿಗೆ ಒಂದು ಇಮೇಲ್ ಹಾಕುವುದು ಹೆಚ್ಚು ಫಲ ಕೊಡುತ್ತದೆ, ಯಾಕೆಂದರೆ ಅಲ್ಲಿಂದ ಗಡುವಿನ ಲೆಕ್ಕ ಶುರುವಾಗುತ್ತದೆ.

ಅದಾದ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಕನ್ನಡದಲ್ಲಿಯೇ ಮಾತಾಡಬಹುದು. consumerhelpline.gov.in ತಾಣದಲ್ಲೂ ದೂರು ದಾಖಲಿಸಬಹುದು. ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಆದರೆ ದೊಡ್ಡ ಕಂಪನಿಗಳಲ್ಲಿ ಹಲವು ಅದರ ಜೊತೆ ಜೋಡಿಸಿಕೊಂಡಿವೆ, ದೂರು ಚಾಟ್‌ನ ಹುಡುಗರನ್ನು ದಾಟಿ ಮೇಲಿನ ಮೇಜಿಗೆ ಹೋಗುತ್ತದೆ. ಮೂರು ನಾಲ್ಕು ಸಾವಿರದ ವ್ಯವಹಾರ ಬಹುಮಟ್ಟಿಗೆ ಇಲ್ಲೇ ಮುಗಿಯಬೇಕು.

ಇಲ್ಲೂ ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿಯ ಕಚೇರಿ ಎಲ್ಲೇ ಇರಲಿ. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. e-jagriti.gov.in ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಮಾರಿದವರು, ಆ್ಯಪ್‌ನವರು, ಕೊರಿಯರ್ ಮೂವರನ್ನೂ ಎದುರುದಾರರಾಗಿ ಹೆಸರಿಸಬೇಕು, ಒಬ್ಬರನ್ನು ಬಿಟ್ಟರೆ ಉಳಿದವರು ಬಿಟ್ಟವರ ಕಡೆ ಬೆರಳು ತೋರಿಸುತ್ತಾರೆ. ‘ನಾವು ಬರೀ ಮಧ್ಯವರ್ತಿ’ ಎಂಬ ವಾದವನ್ನು ಆ್ಯಪ್‌ನವರು ತಪ್ಪದೆ ಮುಂದಿಡುತ್ತಾರೆ. ಅದಕ್ಕೆ ಎದುರಾಗಿ ಹಣ ಪಡೆದವರು ಯಾರು, ತಲುಪಿಸುವ ದಿನದ ಭರವಸೆ ಕೊಟ್ಟವರು ಯಾರು ಎಂಬುದನ್ನು ಬಿಲ್ಲು ಮತ್ತು ಸ್ಕ್ರೀನ್‌ಶಾಟ್‌ನಿಂದಲೇ ತೋರಿಸಬೇಕು. ಪಾರ್ಸೆಲ್ ಬಂದಿಲ್ಲ ಎಂದು ಸಾಬೀತು ಮಾಡಲು ಯಾರಿಗೂ ಆಗುವುದಿಲ್ಲ. ಕೊಟ್ಟೆವು ಎನ್ನುವವರೇ ಕೊಟ್ಟದ್ದನ್ನು ತೋರಿಸಬೇಕು ಎಂಬುದು ನಿಮ್ಮ ವಾದದ ತಿರುಳು. ಕಾಯ್ದೆಯಲ್ಲಿ ಮೂರು ತಿಂಗಳು ಎಂದಿದ್ದರೂ ತೀರ್ಪು ಅಷ್ಟರಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ನಾನೂರು ರೂಪಾಯಿಯ ಚಪ್ಪಲಿಗೆ ಈ ದಾರಿ ನಾನಂತೂ ಹೇಳುವುದಿಲ್ಲ.

ಕಾರ್ಡಿನಿಂದ ಹಣ ಕಟ್ಟಿದವರಿಗೆ ಇನ್ನೊಂದು ಬಾಗಿಲಿದೆ. ಬ್ಯಾಂಕಿಗೆ ‘ವಸ್ತು ತಲುಪಿಲ್ಲ’ ಎಂದು ಡಿಸ್ಪ್ಯೂಟ್ ಹಾಕಿದರೆ ಬ್ಯಾಂಕು ಕಾರ್ಡ್ ಜಾಲದ ಮೂಲಕ ಮಾರಿದವರಿಂದ ಪುರಾವೆ ಕೇಳುತ್ತದೆ. ಇದೇ ಚಾರ್ಜ್‌ಬ್ಯಾಕ್. ವಸ್ತು ಬರಬೇಕಿದ್ದ ದಿನದಿಂದ ಸಾಮಾನ್ಯವಾಗಿ 120 ದಿನಗಳ ಗಡುವಿದ್ದರೂ ಬ್ಯಾಂಕುಗಳು ಬೇಗ ತಿಳಿಸಿ ಎನ್ನುತ್ತವೆ. ಮೊದಲು ಮಾರಿದವರನ್ನು ಕೇಳಿ ನೋಡಿದ್ದೀರಿ ಎಂಬುದಕ್ಕೆ ಇಮೇಲ್‌ಗಳು ಬೇಕು. ಮಾರಿದವರು ಓಟಿಪಿ ದಾಖಲೆ ತೋರಿಸಿದರೆ ಹಣ ಮತ್ತೆ ಅವರ ಕಡೆ ತಿರುಗಬಹುದು.

ಹುಡುಗನ ಮಾತು ಬಂದಾಗಲೆಲ್ಲ ಎರಡು ಕಡೆಯ ಮಾತು ಕೇಳುತ್ತೇನೆ. ಕಂಪನಿ ನಿಮಗೆ ಹಣ ವಾಪಸು ಕೊಟ್ಟರೆ ಅದು ಎಷ್ಟೋ ಸಲ ಅವನ ಸಂಪಾದನೆಯಿಂದ ಮುರಿದುಕೊಂಡ ಹಣ. ಇಲ್ಲವೇ ಅವನ ಐಡಿ ಬ್ಲಾಕ್ ಆಗುತ್ತದೆ, ಮರುದಿನದಿಂದ ಕೆಲಸವಿಲ್ಲ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆಯಲ್ಲಿ, ಕಾರಣವನ್ನು ಬರೆದು ತಿಳಿಸದೆ, 14 ದಿನಗಳ ಮುನ್ಸೂಚನೆ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ ಎಂದಿದೆ. ಪಕ್ಕದ ಬ್ಲಾಕಿಗೆ ತಪ್ಪಿ ಕೊಟ್ಟವನಿಗೂ ಕದ್ದವನಿಗೂ ಬಹಳ ವ್ಯತ್ಯಾಸವಿದೆ. ಲೊಕೇಶನ್ನು, ಫೋಟೋ ಕೇಳುವುದರಿಂದ ಆ ವ್ಯತ್ಯಾಸವೂ ಹೊರಬರುತ್ತದೆ.

ಹುಡುಗನ ತಪ್ಪೇ ಇಲ್ಲದ ಒಂದು ಬಗೆಯ ‘ಡೆಲಿವರ್ಡ್’ ಇದೆ. ಇನ್‌ಸ್ಟಾಗ್ರಾಮಿನಲ್ಲೋ ಹೆಸರು ಕೇಳದ ತಾಣದಲ್ಲೋ ಸೀರೆ ನೋಡಿ ಹಣ ಕಟ್ಟುತ್ತೀರಿ. ಟ್ರ್ಯಾಕಿಂಗ್ ನಂಬರ್ ಬರುತ್ತದೆ, ಪಾರ್ಸೆಲ್ ನಿಮ್ಮ ಊರಿಗೇ ಬಂದು ತಲುಪಿದೆ ಎಂದೂ ತೋರಿಸುತ್ತದೆ. ನಿಜವಾಗಿಯೂ ತಲುಪಿದೆ, ಬೇರೆಯವರಿಗೆ. ಮಾರಿದವನು ಅದೇ ಪಿನ್‌ಕೋಡಿನ ಯಾವುದೋ ವಿಳಾಸಕ್ಕೆ ಒಂದು ಖಾಲಿ ಲಕೋಟೆ ಕಳಿಸಿ, ಅದರ ನಂಬರನ್ನು ನಿಮಗೆ ಕೊಟ್ಟಿದ್ದಾನೆ. ಇಲ್ಲಿ ಹಬ್‌ಗೆ ಹೋಗಿ ಜಗಳವಾಡಿ ಪ್ರಯೋಜನವಿಲ್ಲ. ಕೊರಿಯರ್‌ನವರನ್ನು ಎರಡು ಸಂಗತಿ ಕೇಳಿ: ಬುಕ್ ಮಾಡುವಾಗ ಪಾರ್ಸೆಲ್‌ನ ತೂಕ ಎಷ್ಟಿತ್ತು, ಅದರ ಮೇಲಿನ ಹೆಸರು ನನ್ನದೇ ಅಲ್ಲವೇ? ವಿಳಾಸ ಹೇಳಲು ಅವರು ಒಪ್ಪದಿದ್ದರೂ ‘ನಿಮ್ಮ ಹೆಸರಲ್ಲಿಲ್ಲ’ ಎಂದು ಬರೆದುಕೊಟ್ಟರೆ ಸಾಕು. ಅರ್ಧ ಕಿಲೋ ಮೀರಿ ತೂಗಬೇಕಾದ ರೇಷ್ಮೆ ಸೀರೆ 50 ಗ್ರಾಂ ಲಕೋಟೆಯಲ್ಲಿ ಬರುವುದಿಲ್ಲ. ಆ ಎರಡು ಸಾಲನ್ನು ಹಿಡಿದು ಬ್ಯಾಂಕಿಗೆ ಡಿಸ್ಪ್ಯೂಟ್ ಹಾಕಬೇಕು. ಇದು ವಂಚನೆಯಾದ್ದರಿಂದ 1930ಕ್ಕೂ ಫೋನ್ ಮಾಡಬೇಕು, ಹಣ ಹೋದ ದಿನವೇ ಮಾಡಿದರೆ ಅದು ಇನ್ನೊಂದು ಖಾತೆಗೆ ದಾಟುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ಸುಳ್ಳು ಟ್ರ್ಯಾಕಿಂಗ್‌ನ ಉದ್ದೇಶವೇ ಆ ಮೊದಲ ಕೆಲವು ದಿನ ನಿಮ್ಮನ್ನು ಕಾಯಿಸುವುದು.